ಅಕಾಂಡ್ರೊಪ್ಲೇಸಿಯಾ: ಮುಂಡ ಸರಿಯಾಗಿದೆ, ಕೈಕಾಲು ಯಾಕೆ ಗಿಡ್ಡ? ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮಗಳಿಗೆ ಈಗ 8 ವರ್ಷ. ಅವಳಿಗೆ ಅಕಾಂಡ್ರೊಪ್ಲೇಸಿಯಾ ಇದೆ. ಈ ಹೆಸರನ್ನು ಮೊದಲ ಸಲ ಕೇಳಿದ ಅಪ್ಪ ಅಮ್ಮಂದಿರು ಅವರಿವರ ಹತ್ತಿರ ನನ್ನ ನಂಬರ್ ತೆಗೆದುಕೊಂಡು ಫೋನ್ ಮಾಡುತ್ತಾರೆ. ಹೆಚ್ಚಿನವರು ಮೊದಲು ಕೇಳುವುದು "ಎಷ್ಟು ಎತ್ತರ ಆಗ್ತಾಳೆ?" ಅಂತ. ಅದಕ್ಕೆ ಉತ್ತರ ಕೆಳಗೆ ಇದೆ. ಆದರೆ ಮೊದಲ ಎರಡು ವರ್ಷ ಎತ್ತರದ ಚಿಂತೆ ಪಕ್ಕಕ್ಕಿಡಿ. ಆಗ ನೋಡಬೇಕಾದದ್ದು ಮಗುವಿನ ಕತ್ತಿನ ಹಿಂಭಾಗ ಮತ್ತು ಬೆನ್ನು. ಇದನ್ನು ನನಗೆ ಯಾರೂ ಹೆರಿಗೆ ಆದ ವಾರದಲ್ಲೇ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಜೆನೆಟಿಕ್ಸ್, ಮೂಳೆ, ನರ, ಉಸಿರಾಟ ಅಂತ ಬೇರೆ ಬೇರೆ ಡಾಕ್ಟರ್‌ಗಳ ಮುಂದೆ 8 ವರ್ಷ ಕೂತು, ಕೇಳಿ, ಓದಿ ತಿಳಿದುಕೊಂಡದ್ದು ಇದು.

ಅಕಾಂಡ್ರೊಪ್ಲೇಸಿಯಾ ಅಂದರೆ ಏನು?

ಮೂಳೆ ಉದ್ದ ಬೆಳೆಯುವ ರೀತಿಯಲ್ಲಿ ಹುಟ್ಟಿನಿಂದಲೇ ಇರುವ ಒಂದು ವ್ಯತ್ಯಾಸ. ಇಂಥ ನೂರಾರು ಸ್ಥಿತಿಗಳಿವೆ, ಎಲ್ಲಕ್ಕೂ ಸೇರಿಸಿ ಸ್ಕೆಲಿಟಲ್ ಡಿಸ್ಪ್ಲೇಸಿಯಾ ಅನ್ನುತ್ತಾರೆ. ಅವುಗಳಲ್ಲಿ ಕೈಕಾಲು ಗಿಡ್ಡವಾಗಿರುವ ಕುಬ್ಜತೆಗೆ ಅತಿ ಸಾಮಾನ್ಯ ಕಾರಣ ಇದು. ಸುಮಾರು 25,000 ಹೆರಿಗೆಗೆ ಒಂದು ಮಗು.

ಮಕ್ಕಳ ಮೂಳೆಯ ತುದಿಯಲ್ಲಿ ಮೃದುಮೂಳೆಯ ಒಂದು ತೆಳು ಪದರ ಇರುತ್ತದೆ, ಡಾಕ್ಟರ್‌ಗಳು ಗ್ರೋತ್ ಪ್ಲೇಟ್ ಅನ್ನುತ್ತಾರೆ. ಅಲ್ಲಿನ ಜೀವಕೋಶಗಳು ನಾಣ್ಯ ಜೋಡಿಸಿಟ್ಟ ಹಾಗೆ ಸಾಲಾಗಿ ನಿಂತು, ಒಂದೊಂದಾಗಿ ಹೆಚ್ಚುತ್ತಾ, ಆಮೇಲೆ ಉಬ್ಬಿ, ಕೊನೆಗೆ ಗಟ್ಟಿ ಮೂಳೆಗೆ ಜಾಗ ಬಿಟ್ಟುಕೊಡುತ್ತವೆ. ಮೂಳೆ ಉದ್ದ ಆಗುವುದು ಹೀಗೆ. ಈ ಕೆಲಸ ಅತಿಯಾಗದ ಹಾಗೆ ತಡೆಯಲು ದೇಹದಲ್ಲೇ ಒಂದು ಬ್ರೇಕ್ ಇದೆ, ಎಫ್‌ಜಿಎಫ್‌ಆರ್3 ಅನ್ನುವ ಜೀನ್ ಮಾಡುವ ಪ್ರೋಟೀನ್. ಎಲ್ಲರಲ್ಲೂ ಅದು ಇದೆ, ಬೇಕಾದಾಗ ಒತ್ತುತ್ತದೆ, ಬೇಡದಾಗ ಬಿಡುತ್ತದೆ. ಅಕಾಂಡ್ರೊಪ್ಲೇಸಿಯಾದಲ್ಲಿ ಆ ಜೀನ್‌ನ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ, ಬ್ರೇಕ್ ಪೂರ್ತಿ ಬಿಡುವುದೇ ಇಲ್ಲ. ಮೂಳೆ ಬೆಳೆಯುತ್ತದೆ, ಆದರೆ ಬ್ರೇಕ್ ತುಳಿದುಕೊಂಡೇ ಬೆಳೆಯುತ್ತದೆ. ಇದು 1994ರಲ್ಲಿ ಗೊತ್ತಾಯಿತು.

ಹೆಸರಿನ ಅರ್ಥ "ಮೃದುಮೂಳೆ ಆಗದೇ ಇರುವುದು". ಅದು ತಪ್ಪು ಹೆಸರು ಅಂತ ನನ್ನ ಅಭಿಪ್ರಾಯ. ಮೃದುಮೂಳೆ ಆಗುತ್ತದೆ, ಅದು ಮೂಳೆಯಾಗಿ ಉದ್ದ ಬೆಳೆಯುವ ವೇಗ ಮಾತ್ರ ಕಡಿಮೆ. ಕ್ಯಾಲ್ಸಿಯಂ ಕೊರತೆಯಿಂದ ಬಂದದ್ದೂ ಅಲ್ಲ, ಮೂಳೆ ಮೆತ್ತಗೂ ಇಲ್ಲ.

ಮುಂಡ ಸರಿಯಾಗಿದೆ. ಕೈಕಾಲು ಮಾತ್ರ ಯಾಕೆ ಗಿಡ್ಡ? ತಲೆ ಯಾಕೆ ದೊಡ್ಡದು?

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ, ಯಾಕೆಂದರೆ ಇದು ಅರ್ಥವಾದರೆ ಮಿಕ್ಕ ಎಲ್ಲಾ ತೊಂದರೆಗಳೂ ಎಲ್ಲಿ ಬರುತ್ತವೆ ಅಂತ ನೀವೇ ಊಹಿಸಬಹುದು.

ದೇಹದ ಎಲ್ಲಾ ಮೂಳೆ ಒಂದೇ ದಾರಿಯಲ್ಲಿ ಆಗುವುದಿಲ್ಲ. ಕೈಕಾಲಿನ ಉದ್ದ ಮೂಳೆಗಳು, ಬೆನ್ನುಮೂಳೆ, ತಲೆಬುರುಡೆಯ ತಳ, ಇವೆಲ್ಲ ಮೊದಲು ಮೃದುಮೂಳೆಯಾಗಿ ಆಮೇಲೆ ಮೂಳೆ ಆಗುತ್ತವೆ. ತಲೆಬುರುಡೆಯ ಮೇಲ್ಭಾಗ, ಅಂದರೆ ಹಣೆ ಮತ್ತು ನೆತ್ತಿ, ತೆಳು ಪೊರೆಯಿಂದ ನೇರವಾಗಿ ಮೂಳೆ ಆಗುತ್ತದೆ. ಆ ಬ್ರೇಕ್ ಕೆಲಸ ಮಾಡುವುದು ಮೃದುಮೂಳೆಯ ದಾರಿಯಲ್ಲಿ. ಹಾಗಾಗಿ ನೆತ್ತಿ, ಹಣೆ ಚೆನ್ನಾಗಿ ಬೆಳೆಯುತ್ತವೆ, ಬುರುಡೆಯ ತಳ ಹಿಂದೆ ಬೀಳುತ್ತದೆ. ಹಣೆ ಮುಂದೆ ಬಂದು ಮೂಗಿನ ಸೇತುವೆ ಒಳಗೆ ಹೋದಂತೆ ಕಾಣುವುದು ಅದಕ್ಕೇ. ತಲೆ ಕಣ್ಣಿಗೆ ಮಾತ್ರ ದೊಡ್ಡದಾಗಿ ಕಾಣುವುದಲ್ಲ, ಅಳತೆಯಲ್ಲೂ ಸ್ವಲ್ಪ ದೊಡ್ಡದೇ ಇರುತ್ತದೆ. ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ.

ಮೃದುಮೂಳೆಯ ದಾರಿಯಲ್ಲೂ ಎಲ್ಲಕ್ಕೂ ಒಂದೇ ಪೆಟ್ಟಲ್ಲ. ಯಾವ ಜಾಗ ತುಂಬಾ ಬೆಳೆಯಬೇಕಿತ್ತೋ ಅಲ್ಲಿ ನಷ್ಟ ಜಾಸ್ತಿ. ತೊಡೆಯ ಮೂಳೆ ಮತ್ತು ಮೇಲ್ದೋಳಿನ ಮೂಳೆ ತುಂಬಾ ಬೆಳೆಯಬೇಕಾದ ಮೂಳೆಗಳು. ಆದ್ದರಿಂದ ಮೊಣಕೈ ಕೆಳಗಿಗಿಂತ ಮೇಲೆ, ಮೊಣಕಾಲು ಕೆಳಗಿಗಿಂತ ಮೇಲೆ ಜಾಸ್ತಿ ಗಿಡ್ಡ. ಮಗುವಾಗಿದ್ದಾಗ ತೊಡೆ, ತೋಳಿನಲ್ಲಿ ಚರ್ಮದ ಮಡಿಕೆಗಳು ಒಂದರ ಮೇಲೊಂದು ಕಾಣುತ್ತವೆ, ಒಳಗಿನ ಮೂಳೆ ಗಿಡ್ಡ, ಮೇಲಿನ ಮಾಂಸ ಚರ್ಮ ಮಾಮೂಲಿ ಅಳತೆಯದು ಅದಕ್ಕೆ. ನಮ್ಮ ಮನೆಯಲ್ಲಿ ಎಲ್ಲರೂ "ಎಷ್ಟು ದುಂಡಗಿದೆ ಮಗು" ಅಂತ ಖುಷಿಪಟ್ಟಿದ್ದರು. ಬೆನ್ನುಮೂಳೆ ಅಂದರೆ ಸಣ್ಣ ಸಣ್ಣ ತುಂಡುಗಳ ಸಾಲು, ಒಂದೊಂದು ತುಂಡೂ ಬೆಳೆಯಬೇಕಾದದ್ದು ಸ್ವಲ್ಪವೇ, ಹಾಗಾಗಿ ಮುಂಡ ಹತ್ತಿರ ಹತ್ತಿರ ಮಾಮೂಲಿ ಉದ್ದಕ್ಕೆ ಬರುತ್ತದೆ.

ಆದರೆ ಬೆನ್ನುಮೂಳೆಯ ಉದ್ದ ಸರಿಯಾದರೂ ಅದರೊಳಗಿನ ಕೊಳವೆ ಕಿರಿದು. ಬುರುಡೆಯ ತಳದಲ್ಲಿ ಮಿದುಳುಬಳ್ಳಿ ಹೊರಗೆ ಬರುವ ರಂಧ್ರವೂ ಕಿರಿದು. ಈ ಎರಡು ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಲೆಕ್ಕದಲ್ಲಿ ತೋರಿಸಿ, ಎಷ್ಟು ವ್ಯತ್ಯಾಸ?

ನನ್ನ ಮಗಳ ಅಳತೆಯನ್ನೇ ಹೇಳುತ್ತೇನೆ. ನಿಂತಾಗ 99 ಸೆಂ.ಮೀ. ಚಪ್ಪಟೆ ಸ್ಟೂಲಿನ ಮೇಲೆ ಗೋಡೆಗೆ ಒರಗಿ ಕೂತಾಗ, ಸ್ಟೂಲಿನಿಂದ ನೆತ್ತಿಯವರೆಗೆ 64. ಅಂದರೆ ಕಾಲಿನ ಪಾಲು 35. ಅವಳ ಗೆಳತಿ, ಅದೇ ಕ್ಲಾಸು, ನಿಂತಾಗ 126, ಕೂತಾಗ 67, ಕಾಲಿನ ಪಾಲು 59.

ಒಟ್ಟು ವ್ಯತ್ಯಾಸ 27 ಸೆಂ.ಮೀ. ಅದರಲ್ಲಿ 24 ಕಾಲಿನದು, ಬರೀ 3 ಕೂತ ಎತ್ತರದ್ದು. ನೆಲದ ಮೇಲೆ ಊಟಕ್ಕೆ ಕೂತರೆ ಇಬ್ಬರೂ ಸಮ ಸಮ ಕಾಣುತ್ತಾರೆ, ಎದ್ದು ನಿಂತಾಗ ಗೊತ್ತಾಗುತ್ತದೆ. ಕೂತ ಎತ್ತರವನ್ನು ನಿಂತ ಎತ್ತರದಿಂದ ಭಾಗಿಸಿದರೆ ಗೆಳತಿಗೆ 0.53, ಮಗಳಿಗೆ 0.65. ಡಾಕ್ಟರ್‌ಗಳು ನೋಡುವ ಸಂಖ್ಯೆಗಳಲ್ಲಿ ಇದೂ ಒಂದು. ಸುಮ್ನೆ ಗಿಡ್ಡ ಇರುವ ಮಗುವಿನಲ್ಲಿ, ಅಪ್ಪ ಅಮ್ಮನೇ ಗಿಡ್ಡ ಇದ್ದರೆ, ಈ ಅನುಪಾತ ಮಾಮೂಲಿ ಇರುತ್ತದೆ. ಎಲ್ಲವೂ ಒಂದೇ ಸಮ ಸಣ್ಣ. ಅನುಪಾತ ತಪ್ಪಿದೆ ಅಂದರೆ ಮೂಳೆಯ ಕಡೆ ನೋಡಬೇಕು ಅಂತ ಅರ್ಥ.

ಒಂದು ಸೂಕ್ಷ್ಮ ಇದೆ. ಕೂತ ಎತ್ತರದಲ್ಲಿ ತಲೆಯೂ ಸೇರುತ್ತದೆ, ಇವರ ತಲೆ ಸ್ವಲ್ಪ ದೊಡ್ಡದು. ಹಾಗಾಗಿ ಮುಂಡ ಮಾತ್ರ ತೆಗೆದುಕೊಂಡರೆ ನಾವು ಅಂದುಕೊಂಡದ್ದಕ್ಕಿಂತ ಇನ್ನೊಂಚೂರು ಗಿಡ್ಡವೇ ಇರುತ್ತದೆ.

ದಿನನಿತ್ಯದಲ್ಲಿ ಈ ಅಳತೆ ಕಾಣುವುದು ಬಟ್ಟೆಯಲ್ಲಿ. ಎದೆ, ಭುಜಕ್ಕೆ ಅವಳ ವಯಸ್ಸಿನ ಕುರ್ತಾನೇ ಬೇಕು. ತೋಳು ಮತ್ತು ಪ್ಯಾಂಟು ಮಾತ್ರ ಕತ್ತರಿಸಬೇಕು. ಚಿಕ್ಕ ಮಕ್ಕಳ ಸೈಜ್ ತಂದರೆ ತಲೆಯೇ ತೂರುವುದಿಲ್ಲ.

ದೊಡ್ಡವರಾದ ಮೇಲೆ ಎಷ್ಟು ಎತ್ತರ?

ಗಂಡಸರು ಸರಾಸರಿ 131 ಸೆಂ.ಮೀ., ಹೆಂಗಸರು ಸರಾಸರಿ 124. ಅಡಿ ಲೆಕ್ಕದಲ್ಲಿ ಸುಮಾರು 4 ಅಡಿ 4 ಇಂಚು, 4 ಅಡಿ 1 ಇಂಚು. ಇದು ಸರಾಸರಿ ಮಾತ್ರ, ಹತ್ತು ಹನ್ನೆರಡು ಸೆಂ.ಮೀ. ಆಚೆ ಈಚೆ ಇರುವವರು ಬೇಕಾದಷ್ಟಿದ್ದಾರೆ.

ಹುಟ್ಟಿದಾಗ ಉದ್ದದಲ್ಲಿ ಅಂಥ ವ್ಯತ್ಯಾಸ ಇರುವುದಿಲ್ಲ. ನನ್ನ ಮಗಳು ಹುಟ್ಟಿದಾಗ 47 ಸೆಂ.ಮೀ. ಇದ್ದಳು. ಅಂತರ ಬೀಳುವುದು ಮೊದಲ ಎರಡು ವರ್ಷದಲ್ಲೇ, ಬೇರೆ ಮಕ್ಕಳು ಸರಸರ ಉದ್ದ ಆಗುವ ಕಾಲ ಅದು. ಆಮೇಲೆ ವರ್ಷಕ್ಕೆ ಸುಮಾರು 4 ಸೆಂ.ಮೀ. ಬೆಳೆಯುತ್ತಾರೆ, ಬೇರೆಯವರು 6ರ ಹತ್ತಿರ. ಹದಿಹರೆಯದಲ್ಲಿ ಒಮ್ಮೆಲೇ ಉದ್ದ ಆಗುವುದೂ ಇವರಲ್ಲಿ ತೀರಾ ಕಡಿಮೆ. ಆದ್ದರಿಂದ ಮಾಮೂಲಿ ಬೆಳವಣಿಗೆಯ ಚಾರ್ಟಿನಲ್ಲಿ ನಿಮ್ಮ ಮಗುವನ್ನು ಗುರುತು ಹಾಕಿದರೆ ಎಲ್ಲಾ ಗೆರೆಗಿಂತ ಕೆಳಗೆ ಬಿದ್ದು ಏನೂ ತಿಳಿಯುವುದಿಲ್ಲ. ಅಕಾಂಡ್ರೊಪ್ಲೇಸಿಯಾಕ್ಕೇ ಬೇರೆ ಚಾರ್ಟ್ ಇದೆ, ಎತ್ತರಕ್ಕೆ, ತೂಕಕ್ಕೆ, ತಲೆ ಸುತ್ತಳತೆಗೆ. ಅದನ್ನೇ ಬಳಸಿ ಅಂತ ಕೇಳಿ.

5ನೇ ತಿಂಗಳ ಸ್ಕ್ಯಾನಿನಲ್ಲಿ "ಎಲ್ಲಾ ನಾರ್ಮಲ್" ಅಂದಿದ್ದರು. ಆಗ ಯಾಕೆ ಕಾಣಲಿಲ್ಲ?

ಆಗ ನಿಜವಾಗಿಯೂ ನಾರ್ಮಲ್ ಇತ್ತು. ಈ ಮಕ್ಕಳ ತೊಡೆಮೂಳೆ ಹಿಂದೆ ಬೀಳುವುದು ಸಾಮಾನ್ಯವಾಗಿ 24 ವಾರ ದಾಟಿದ ಮೇಲೆ. 20ನೇ ವಾರದಲ್ಲಿ ನನ್ನ ಮಗಳದು 33 ಮಿ.ಮೀ. ಇತ್ತು, ಸರಿಯಾದ ಅಳತೆ. 32ನೇ ವಾರದಲ್ಲಿ 61ರ ಆಸುಪಾಸು ಇರಬೇಕಿತ್ತು, 52 ಇತ್ತು, ಅದು 27–28 ವಾರದ ಅಳತೆ. ತಲೆ ಮಾತ್ರ ವಾರಕ್ಕಿಂತ ಮುಂದೆ ಇತ್ತು. ಸ್ಕ್ಯಾನ್ ಮಾಡಿದವರು "ದಿನ ಲೆಕ್ಕ ತಪ್ಪಿರಬಹುದು" ಅಂದರು. ದಿನ ತಪ್ಪಿದ್ದರೆ ತಲೆಯೂ ಚಿಕ್ಕದಿರಬೇಕಿತ್ತು ಅಲ್ವಾ? ಅವತ್ತು ನನಗೆ ಅದು ಹೊಳೆಯಲಿಲ್ಲ. ಕೊನೆಯ ಮೂರು ತಿಂಗಳಲ್ಲಿ ತೊಡೆಮೂಳೆ ಹಿಂದೆ, ತಲೆ ಮುಂದೆ ಅಂತ ರಿಪೋರ್ಟ್ ಬಂದರೆ ಜೆನೆಟಿಕ್ಸ್ ಡಾಕ್ಟರ್ ಹತ್ತಿರ ಕಳಿಸಿ ಅಂತ ಕೇಳಿ.

ನಮ್ಮ ಎರಡೂ ಮನೆಯಲ್ಲಿ ಯಾರೂ ಗಿಡ್ಡ ಇಲ್ಲ. ಯಾರ ಕಡೆಯಿಂದ ಬಂತು? ಸೋದರಮಾವನನ್ನು ಮದುವೆಯಾದದ್ದಕ್ಕಾ?

ಅಲ್ಲ. ಗ್ರಹಣ ನೋಡಿದ್ದಕ್ಕೂ ಅಲ್ಲ, ಬಸುರಿಯಲ್ಲಿ ತಿಂದದ್ದಕ್ಕೂ ಅಲ್ಲ.

ರಕ್ತಸಂಬಂಧದ ಮದುವೆಯಲ್ಲಿ ಹೆಚ್ಚಾಗುವುದು ಅಪ್ಪ ಅಮ್ಮ ಇಬ್ಬರಿಂದಲೂ ಒಂದೊಂದು ದೋಷದ ಪ್ರತಿ ಬಂದಾಗ ಕಾಣಿಸಿಕೊಳ್ಳುವ ಕಾಯಿಲೆಗಳು. ಇದು ಆ ಜಾತಿಯದಲ್ಲ. ಇಲ್ಲಿ ಒಂದೇ ಪ್ರತಿ ಬದಲಾದರೂ ಸಾಕು, ಇದ್ದರೆ ಕಣ್ಣಿಗೆ ಕಾಣುತ್ತದೆ. ತಲೆಮಾರುಗಟ್ಟಲೆ ಬಚ್ಚಿಟ್ಟುಕೊಂಡು ಬರಲು ಸಾಧ್ಯವಿಲ್ಲ. 100ರಲ್ಲಿ ಸುಮಾರು 80 ಮಕ್ಕಳ ಅಪ್ಪ ಅಮ್ಮ ಮಾಮೂಲಿ ಎತ್ತರದವರೇ. ಆ ಒಂದು ಅಕ್ಷರ ಆ ಮಗುವಿನಲ್ಲೇ ಹೊಸದಾಗಿ ಬದಲಾಗಿರುತ್ತದೆ. ಹೀಗೆ ಹೊಸದಾಗಿ ಆದ ಬದಲಾವಣೆ ಅಪ್ಪನ ವೀರ್ಯಾಣುವಿನಿಂದ ಬಂದಿರುತ್ತದೆ ಅಂತ ಕುಟುಂಬಗಳನ್ನು ಪರೀಕ್ಷಿಸಿ ನೋಡಿದ್ದಾರೆ. ಅಪ್ಪನ ವಯಸ್ಸು ಹೆಚ್ಚಾದಂತೆ ಸಾಧ್ಯತೆ ಹೆಚ್ಚುತ್ತದೆ, ಆದರೆ 25 ವರ್ಷದ ಅಪ್ಪನಿಗೂ ಆಗುತ್ತದೆ.

ಇದನ್ನು ಬರೆಯುವಾಗ ನನಗೆ ಒಂದು ಭಯ ಇದೆ. ಇಷ್ಟು ದಿನ ಸೊಸೆಯನ್ನು ದೂರಿದವರು ಇನ್ನು ಮಗನನ್ನು ದೂರುತ್ತಾರೆ ಅಂತ. ದಯವಿಟ್ಟು ಬೇಡ. ವೀರ್ಯಾಣು ತಯಾರಾಗುವಾಗ ಅಕ್ಷರ ನಕಲು ತಪ್ಪುವುದು ಯಾರ ಕೈಯಲ್ಲೂ ಇಲ್ಲ.

ಮುಂದಿನ ಮಗುವಿಗೆ? ಅಪ್ಪ ಅಮ್ಮ ಇಬ್ಬರೂ ಮಾಮೂಲಿ ಎತ್ತರದವರಾದರೆ ಮತ್ತೆ ಆಗುವ ಸಾಧ್ಯತೆ 100ಕ್ಕೆ 1ಕ್ಕಿಂತ ಕಡಿಮೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಅಕಾಂಡ್ರೊಪ್ಲೇಸಿಯಾ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ. ಇಬ್ಬರಿಗೂ ಇದ್ದರೆ ನಾಲ್ಕರಲ್ಲಿ ಒಂದು ಪಾಲು ಮಾಮೂಲಿ ಎತ್ತರದ ಮಗು, ಎರಡು ಪಾಲು ಅಕಾಂಡ್ರೊಪ್ಲೇಸಿಯಾ, ಉಳಿದ ಒಂದು ಪಾಲು ಎರಡೂ ಪ್ರತಿ ಬದಲಾದ ಮಗು. ಆ ಮಗು ಉಳಿಯುವುದಿಲ್ಲ, ಎದೆಗೂಡು ತೀರಾ ಚಿಕ್ಕದಿರುತ್ತದೆ. ಅಂಥ ದಂಪತಿ ಬಸುರಿಗೆ ಮೊದಲೇ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಬೇಕು. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ನಂಥ ಕಡೆ ಇದು ಸಿಗುತ್ತದೆ.

ರಕ್ತ ಪರೀಕ್ಷೆ ಮಾಡಿಸಲೇಬೇಕಾ?

ಅನುಭವ ಇರುವ ಡಾಕ್ಟರ್ ಮಗುವನ್ನು ನೋಡಿ, ಎಕ್ಸ್‌ರೇ ನೋಡಿ ಹೇಳಬಲ್ಲರು. ಆದರೂ ಮಾಡಿಸಿ, ಯಾಕೆಂದರೆ ಒಂದೇ ಜೀನ್‌ನ ಒಂದೇ ಜಾಗ ನೋಡಿದರೆ ಸಾಕು, ದೊಡ್ಡ ಜಾಲ ಬೀಸಬೇಕಾಗಿಲ್ಲ. ರಿಪೋರ್ಟಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಬರುವ ಸಾಲು ಇದು:

```
FGFR3  c.1138G>A  p.(Gly380Arg)  heterozygous
```

1138ನೇ ಅಕ್ಷರ ಬದಲಾಗಿದೆ, ಅದರಿಂದ ಮಣಿಸರದಂತಿರುವ ಪ್ರೋಟೀನಿನ 380ನೇ ಮಣಿ ಬದಲಾಗಿದೆ, ಎರಡು ಪ್ರತಿಯಲ್ಲಿ ಒಂದರಲ್ಲಿ ಮಾತ್ರ ಅಂತ ಅರ್ಥ.

ಮೊದಲ ವರ್ಷದಲ್ಲಿ ಅತಿ ಮುಖ್ಯವಾದದ್ದು ಯಾವುದು?

ಬುರುಡೆಯ ತಳದ ಆ ರಂಧ್ರ. ಅಲ್ಲಿಂದಲೇ ಮಿದುಳುಬಳ್ಳಿ ಕತ್ತಿಗೆ ಇಳಿಯುವುದು, ಉಸಿರಾಟ ನಡೆಸುವ ನರಕೇಂದ್ರ ಇರುವುದೂ ಅಲ್ಲೇ ಪಕ್ಕದಲ್ಲಿ. ಮಗುವಿನ ತಲೆ ಭಾರ, ಕತ್ತು ಸಡಿಲ, ರಂಧ್ರ ಕಿರಿದು. ತಲೆ ಅತ್ತಿತ್ತ ವಾಲಿದಾಗ ಅಲ್ಲಿ ಒತ್ತಡ ಬಿದ್ದರೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ಇದನ್ನು ಹುಡುಕಿ ನೋಡದೇ ಇದ್ದ ಕಾಲದಲ್ಲಿ ಮೊದಲ ವರ್ಷದೊಳಗೆ 100ರಲ್ಲಿ 2ರಿಂದ 5 ಮಕ್ಕಳು ಹೀಗೆ ಇದ್ದಕ್ಕಿದ್ದಂತೆ ತೀರಿಹೋಗುತ್ತಿದ್ದರು. ಹೆದರಿಸಲು ಹೇಳುತ್ತಿಲ್ಲ. ಹುಡುಕಿದರೆ ಸಿಗುತ್ತದೆ, ಸಿಕ್ಕರೆ ಸರಿಮಾಡಬಹುದು, ಅದಕ್ಕೇ ಹೇಳುತ್ತಿದ್ದೇನೆ.

ನನ್ನ ಮಗಳಿಗೆ ನಾಲ್ಕು ತಿಂಗಳಿದ್ದಾಗ ನಿದ್ದೆಯಲ್ಲಿ ತಲೆಯನ್ನು ಹಿಂದಕ್ಕೆ ಬಿಲ್ಲಿನ ಹಾಗೆ ಬಗ್ಗಿಸಿ ಮಲಗುತ್ತಿದ್ದಳು. ಬೆವರುತ್ತಿದ್ದಳು. ಹಾಲು ಕುಡಿಯುವಾಗ ಆಗಾಗ ಕೆಮ್ಮಿ ಉಸಿರು ಕಟ್ಟುತ್ತಿತ್ತು. ತೋರಿಸಿದ ಮೊದಲ ಡಾಕ್ಟರ್ "ದುಂಡಗಿನ ಮಕ್ಕಳು ಹಾಗೇ" ಅಂದರು. ಎರಡನೆಯವರು ಮಗಳ ಪಾದವನ್ನು ಕೈಯಲ್ಲಿ ಹಿಡಿದು ಪಟ್ಟನೆ ಮೇಲಕ್ಕೆ ಒತ್ತಿದರು. ಪಾದ ತಾನಾಗಿಯೇ ಟಕ ಟಕ ಟಕ ಅಂತ ಏಳೆಂಟು ಸಲ ಬಡಿದುಕೊಂಡಿತು. ಮಿದುಳುಬಳ್ಳಿಯ ಮೇಲೆ ಒತ್ತಡ ಇದೆ ಅನ್ನುವುದಕ್ಕೆ ಅದೊಂದು ಗುರುತು. ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ ನಿದ್ರೆಯ ಪರೀಕ್ಷೆ ಮಾಡಿದರು. ಎದೆ, ಹೊಟ್ಟೆ ಅಲುಗದೆ, ಉಸಿರಾಡುವ ಪ್ರಯತ್ನವೇ ಇಲ್ಲದೆ ಉಸಿರು ನಿಲ್ಲುವುದು ಕಂಡಿತು. ಎಂಆರ್‌ಐಯಲ್ಲಿ ರಂಧ್ರದ ಹತ್ತಿರ ಮಿದುಳುಬಳ್ಳಿ ಅಮುಕಿಹೋಗಿತ್ತು, ಅದರ ಸುತ್ತ ಇರಬೇಕಾದ ನೀರಿನ ಪದರ ಇರಲೇ ಇಲ್ಲ. ಏಳು ತಿಂಗಳಿಗೆ ನ್ಯೂರೋ ಸರ್ಜನ್ ರಂಧ್ರದ ಹಿಂಭಾಗದ ಮೂಳೆಯನ್ನು ಸ್ವಲ್ಪ ತೆಗೆದು ಜಾಗ ಮಾಡಿದರು. ಆಮೇಲಿನ ನಿದ್ರೆಯ ಪರೀಕ್ಷೆ ಸರಿಯಾಗಿ ಬಂತು.

ಎಲ್ಲಾ ಮಕ್ಕಳಿಗೂ ಆಪರೇಷನ್ ಬೇಕಾಗುವುದಿಲ್ಲ, ಹೆಚ್ಚಿನವರಿಗೆ ಬೇಡ. ಆದರೆ ಎಲ್ಲಾ ಮಕ್ಕಳಿಗೂ ಮೊದಲ ಕೆಲವು ತಿಂಗಳಲ್ಲೇ ನರದ ತಪಾಸಣೆ ಮತ್ತು ನಿದ್ರೆಯ ಪರೀಕ್ಷೆ ಬೇಕು. ಎಂಆರ್‌ಐ ಬಗ್ಗೆ ಅದನ್ನು ನೋಡಿ ಡಾಕ್ಟರ್ ಹೇಳುತ್ತಾರೆ, ಈಗ ಹಲವರು ಎಲ್ಲರಿಗೂ ಮಾಡಿಸುತ್ತಾರೆ. ತಲೆ ಸುತ್ತಳತೆಯನ್ನೂ ಪ್ರತಿ ಸಲ ಅಕಾಂಡ್ರೊಪ್ಲೇಸಿಯಾ ಚಾರ್ಟಿನಲ್ಲೇ ಗುರುತು ಹಾಕಿಸಿ. ಗೆರೆ ಬಿಟ್ಟು ಮೇಲಕ್ಕೆ ಏರುತ್ತಾ ಹೋದರೆ ತಲೆಯಲ್ಲಿ ನೀರು ತುಂಬುತ್ತಿದೆಯೇ ನೋಡಬೇಕು.

ಗೊರಕೆ ಬೇರೆ ವಿಷಯ. ಮುಖದ ಮಧ್ಯಭಾಗ ಚಿಕ್ಕದಾದ್ದರಿಂದ ಮೂಗು ಗಂಟಲಿನ ದಾರಿಯೂ ಕಿರಿದು, ಸ್ವಲ್ಪ ದೊಡ್ಡವರಾದ ಮೇಲೆ ಆ ಕಾರಣಕ್ಕೆ ಉಸಿರು ಕಟ್ಟುತ್ತದೆ. ಆಗ ಅಡಿನಾಯ್ಡ್, ಟಾನ್ಸಿಲ್ ತೆಗೆಯುತ್ತಾರೆ. ಕಿವಿಯಲ್ಲಿ ನೀರು ನಿಂತು ಕೇಳಿಸುವುದು ಕಡಿಮೆಯಾಗುವುದೂ ಇದೇ ಕಾರಣಕ್ಕೆ. ಮಾತು ತಡವಾದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ.

ಜೋಲಿಯಲ್ಲಿ ಮಲಗಿಸಬಹುದಾ? ಎಣ್ಣೆ ಹಚ್ಚಿ ಕಾಲೆಳೆದರೆ ಉದ್ದ ಆಗುತ್ತಾ? ಯಾವಾಗ ಕೂರಿಸಬೇಕು?

ನಮ್ಮ ಮನೆಯಲ್ಲಿ ಅತ್ಯಂತ ಕಷ್ಟವಾದದ್ದು ಇದು, ಯಾಕೆಂದರೆ ಅತ್ತೆ ಪ್ರೀತಿಯಿಂದ ಮಾಡುತ್ತಿದ್ದ ಕೆಲಸಗಳನ್ನೇ ಬೇಡ ಅನ್ನಬೇಕಾಯಿತು.

ಸೀರೆಯ ಜೋಲಿ ಬೇಡ. ಅದರಲ್ಲಿ ಮಗುವಿನ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ, ಗದ್ದ ಎದೆಗೆ ಒತ್ತುತ್ತದೆ. ಬೆನ್ನಿಗೂ ಕೆಟ್ಟದು, ಉಸಿರಿಗೂ ಕೆಟ್ಟದು. ಗಟ್ಟಿ, ಚಪ್ಪಟೆ ಹಾಸಿಗೆಯಲ್ಲಿ ಅಂಗಾತ ಮಲಗಿಸಿ. ಮರದ ತೊಟ್ಟಿಲು ತಳ ಚಪ್ಪಟೆ ಇದ್ದರೆ ಆಗಬಹುದು.

ಎಣ್ಣೆ ನೀರು ಹಾಕುವಾಗ ಕಾಲು ಎಳೆಯುವುದು, ಎರಡೂ ಪಾದ ಹಿಡಿದು ತಲೆಕೆಳಗಾಗಿ ತೂಗಿಸುವುದು, ಮೇಲಕ್ಕೆ ಎಸೆದು ಹಿಡಿಯುವುದು, ಇವು ಖಂಡಿತ ಬೇಡ. ಎಳೆದರೆ ಮೂಳೆ ಉದ್ದ ಆಗುವುದಿಲ್ಲ, ಆದರೆ ಕತ್ತಿಗೆ ಅಪಾಯ ಆಗುತ್ತದೆ. ಎಣ್ಣೆ ಹಚ್ಚಿ ಮೆಲ್ಲಗೆ ಸವರಿ, ಅದು ಚೆನ್ನಾಗಿಯೇ ಇರುತ್ತದೆ.

ಕೂರಿಸುವ ವಿಷಯ. ಐದಾರು ತಿಂಗಳಿಗೆ ಸುತ್ತ ದಿಂಬು ಇಟ್ಟು ಕೂರಿಸುವುದು ನಮ್ಮಲ್ಲಿ ರೂಢಿ. ಈ ಮಕ್ಕಳ ಬೆನ್ನಿನ ಸ್ನಾಯು ಸಡಿಲ, ತಲೆ ಭಾರ. ಕೂತರೆ ಎದೆ ಮತ್ತು ಸೊಂಟ ಸೇರುವ ಜಾಗದಲ್ಲಿ ಬೆನ್ನು ಗೂನಾಗಿ ಹಿಂದಕ್ಕೆ ಉಬ್ಬುತ್ತದೆ. ಆ ಗೂನು ಹೆಚ್ಚಿನ ಮಕ್ಕಳಲ್ಲಿ ನಡೆಯಲು ಶುರು ಮಾಡಿದ ಮೇಲೆ ಹೋಗುತ್ತದೆ, ಹತ್ತರಲ್ಲಿ ಒಬ್ಬರಲ್ಲಿ ಉಳಿಯುತ್ತದೆ. ಚಿಕ್ಕ ವಯಸ್ಸಿಗೇ ಜಾಸ್ತಿ ಕೂರಿಸಿದಷ್ಟೂ ಬೆನ್ನುಮೂಳೆ ತುಂಡಿನ ಮುಂಭಾಗ ಒತ್ತಿ ಒತ್ತಿ ಮೂಲೆ ಸವೆದಂತಾಗುತ್ತದೆ, ಆಮೇಲೆ ಗೂನು ನಿಂತುಬಿಡುತ್ತದೆ. ಆದ್ದರಿಂದ ಒಂದು ವರ್ಷ ದಾಟುವವರೆಗೂ ಒರಗು ಇಲ್ಲದೆ ಕೂರಿಸಬೇಡಿ. ಕೂರಿಸಲೇಬೇಕಾದರೆ ಗಟ್ಟಿ ಒರಗಿಗೆ ಹಿಂದಕ್ಕೆ ವಾಲಿಸಿ, ನೆಟ್ಟಗೆ ಬೇಡ. ಎತ್ತಿಕೊಂಡಾಗ ಒಂದು ಕೈ ಆ ಉಬ್ಬುವ ಜಾಗದ ಮೇಲೆ ಇರಲಿ. ಹೊಟ್ಟೆಯ ಮೇಲೆ ಮಲಗಿಸಿ ಆಡಿಸಿ, ಎಚ್ಚರ ಇದ್ದಾಗ, ನೀವು ಎದುರಿಗಿದ್ದಾಗ.

ತಡವಾಗಿ ಕೂರುತ್ತಾರೆ, ತಡವಾಗಿ ನಡೆಯುತ್ತಾರೆ. ನನ್ನ ಮಗಳು ನಡೆದದ್ದು 21 ತಿಂಗಳಿಗೆ. ಅಂಬೆಗಾಲಿಗೆ ಬದಲು ತಲೆಯನ್ನು ನೆಲಕ್ಕೆ ಊರಿ, ಕಾಲಿಂದ ತಳ್ಳಿ, ನೇಗಿಲು ಹೊಡೆದ ಹಾಗೆ ಮುಂದೆ ಹೋಗುತ್ತಿದ್ದಳು. ನೋಡಿ ಎದೆ ಧಸಕ್ಕೆಂದಿತ್ತು. ಈ ಮಕ್ಕಳಲ್ಲಿ ಅದು ಮಾಮೂಲಿ ಅಂತ ಫಿಸಿಯೋದವರು ಹೇಳಿದ ಮೇಲೆ ಸಮಾಧಾನ ಆಯಿತು. ಬೇಬಿ ವಾಕರ್ ಮಾತ್ರ ಬೇಡ.

ಗಿಡ್ಡ ಇರುವವರಿಗೆಲ್ಲಾ ಇದೇ ಕಾಯಿಲೆಯಾ?

ಅಲ್ಲ, ಮತ್ತು ಸರಿಯಾದ ಹೆಸರು ಗೊತ್ತಾಗುವುದು ತುಂಬಾ ಮುಖ್ಯ. ಎಲ್ಲಿ ಗಿಡ್ಡ ಅಂತ ನೋಡಿದರೆ ಅರ್ಧ ಗೊತ್ತಾಗುತ್ತದೆ.

ನಮ್ಮ ಮಲೆನಾಡಿನ ಉದಾಹರಣೆಯೇ ಇದೆ. ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಗುರುತಿಸಿದ ಹಂದಿಗೋಡು ಕಾಯಿಲೆಯೂ ಒಂದು ಸ್ಕೆಲಿಟಲ್ ಡಿಸ್ಪ್ಲೇಸಿಯಾ. ಅದೂ ವಂಶಪಾರಂಪರ್ಯವಾಗಿ, ಒಂದೇ ಪ್ರತಿಯಿಂದ ಬರುವಂಥದ್ದು. ಆದರೆ ಪೆಟ್ಟು ಬೀಳುವ ಜಾಗ ಬೇರೆ. ಸೊಂಟದ ಕೀಲು, ಮೊಣಕಾಲು ಸವೆದು ನೋವು ಬರುತ್ತದೆ, ಕೆಲವರಲ್ಲಿ ಬೆನ್ನುಮೂಳೆಯ ತುಂಡುಗಳು ಚಪ್ಪಟೆಯಾಗಿ ಮುಂಡವೇ ಗಿಡ್ಡ ಆಗುತ್ತದೆ. ಅಕಾಂಡ್ರೊಪ್ಲೇಸಿಯಾದಲ್ಲಿ ಇದು ತಿರುವುಮುರುವು. ಕೀಲಿನ ಮೇಲ್ಮೈ ಚೆನ್ನಾಗಿರುತ್ತದೆ, ಮುಂಡ ಉಳಿದು ಕೈಕಾಲು ಗಿಡ್ಡ.

ಇನ್ನೊಂದು ಸ್ಯೂಡೋಅಕಾಂಡ್ರೊಪ್ಲೇಸಿಯಾ. ಹೆಸರು ಹತ್ತಿರ, ಕಾಯಿಲೆ ದೂರ. ಹುಟ್ಟಿದಾಗ ಎಲ್ಲಾ ಸರಿ, ಎರಡು ವರ್ಷದ ಹೊತ್ತಿಗೆ ಬಾತುಕೋಳಿಯಂತೆ ನಡೆಯುವಾಗ ಗೊತ್ತಾಗುತ್ತದೆ, ಮುಖ ಮಾತ್ರ ಮಾಮೂಲಿ. ಹುಟ್ಟಿದಾಗಲೇ ಮುಂದೆ ಬಂದ ಹಣೆ, ಒಳಗೆ ಹೋದ ಮೂಗಿನ ಸೇತುವೆ, ತ್ರಿಶೂಲದ ಹಾಗೆ ಬೆರಳು ಬಿಚ್ಚಿಕೊಂಡ ಪುಟ್ಟ ಕೈ ಇದ್ದರೆ ಅಕಾಂಡ್ರೊಪ್ಲೇಸಿಯಾದ ಕಡೆ ಯೋಚಿಸುತ್ತಾರೆ.

ಹಾರ್ಮೋನ್ ಇಂಜೆಕ್ಷನ್, ಪ್ರೋಟೀನ್ ಪುಡಿ, ಜೋತುಬೀಳುವ ಕಂಬಿ?

ಪುಡಿ ಮತ್ತು ಕಂಬಿಗೆ ದುಡ್ಡು ಹಾಕಬೇಡಿ. ಈ ಮಕ್ಕಳಿಗೆ ಗ್ರೋತ್ ಹಾರ್ಮೋನ್ ಕೊರತೆ ಇರುವುದಿಲ್ಲ. ಬ್ರೇಕ್ ಹಿಡಿದಿರುವಾಗ ಪೆಟ್ರೋಲ್ ಜಾಸ್ತಿ ಹಾಕಿದರೆ ಏನು ಪ್ರಯೋಜನ? ಜಪಾನಿನಲ್ಲಿ ಆ ಹಾರ್ಮೋನ್ ಕೊಡುತ್ತಾರೆ, ಸಿಗುವ ಲಾಭ ಕೆಲವೇ ಸೆಂ.ಮೀ.

ಹೊಸ ಔಷಧ ಬಂದಿದೆಯಂತೆ?

ಹೌದು, ವೊಸೊರಿಟೈಡ್. ಬ್ರೇಕಿನ ಸಂದೇಶವನ್ನು ಮಧ್ಯದಲ್ಲೇ ತಗ್ಗಿಸುವ ಒಂದು ಪ್ರೋಟೀನ್ ತುಂಡು ನಮ್ಮ ದೇಹದಲ್ಲೇ ಇದೆ, ಅದರ ಹೆಚ್ಚು ಹೊತ್ತು ಉಳಿಯುವ ರೂಪ ಇದು. ದಿನಾ ಒಂದು ಸಲ ಚರ್ಮದ ಕೆಳಗೆ ಚುಚ್ಚಬೇಕು. ಯುರೋಪ್, ಅಮೆರಿಕದಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. 121 ಮಕ್ಕಳ ಮೇಲೆ ಮಾಡಿದ ಪರೀಕ್ಷೆಯಲ್ಲಿ, ಔಷಧ ಇಲ್ಲದ ಗುಂಪಿಗಿಂತ ವರ್ಷಕ್ಕೆ ಸುಮಾರು 1.6 ಸೆಂ.ಮೀ. ಜಾಸ್ತಿ ಬೆಳೆದರು. ವರ್ಷಕ್ಕೆ 4 ಬೆಳೆಯುವ ಮಗುವಿಗೆ ಅದು ಸಣ್ಣದಲ್ಲ. ಆದರೆ ಗ್ರೋತ್ ಪ್ಲೇಟ್ ಮುಚ್ಚುವವರೆಗೆ ಮಾತ್ರ ಕೆಲಸ ಮಾಡುತ್ತದೆ, ಅದಾದ ಮೇಲೆ ಇಲ್ಲ. ಚುಚ್ಚಿದ ಮೇಲೆ ಸ್ವಲ್ಪ ಹೊತ್ತು ಬಿ.ಪಿ. ಇಳಿಯಬಹುದು, ಅದಕ್ಕೆ ಮೊದಲೇ ತಿಂದು, ನೀರು ಕುಡಿದಿರಬೇಕು.

ನನಗೆ ಎತ್ತರಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ. ಆ ರಂಧ್ರ, ಬೆನ್ನಿನ ಕೊಳವೆ ಅಗಲ ಆಗಿ ಆಪರೇಷನ್‌ಗಳು ಕಡಿಮೆ ಆಗುತ್ತವಾ? ಅದು ಇನ್ನೂ ಸಾಬೀತಾಗಿಲ್ಲ. ಬೆಲೆಯಂತೂ ಅಮೆರಿಕದಲ್ಲಿ ವರ್ಷಕ್ಕೆ 3 ಲಕ್ಷ ಡಾಲರ್ ಆಸುಪಾಸಿನಲ್ಲಿ ಶುರುವಾಯಿತು. ನಾವು ಇದುವರೆಗೂ ತೆಗೆದುಕೊಂಡಿಲ್ಲ.

ಕಾಲು ಉದ್ದ ಮಾಡುವ ಆಪರೇಷನ್?

ಇದೆ. ಮೂಳೆಯನ್ನು ಕತ್ತರಿಸಿ, ಹೊರಗೆ ಚೌಕಟ್ಟು ಹಾಕಿ, ದಿನಕ್ಕೆ 1 ಮಿ.ಮೀ. ಹಾಗೆ, ಅದೂ ನಾಲ್ಕು ಸಲ ಕಾಲು ಕಾಲು ಮಿ.ಮೀ. ತಿರುಗಿಸಿ ದೂರ ಮಾಡುತ್ತಾರೆ. ನಡುವಿನ ಸಂದಿನಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದೆ. ರಷ್ಯಾದ ಇಲಿಜಾರೋವ್ ಕಂಡುಹಿಡಿದ ವಿಧಾನ. 8 ಸೆಂ.ಮೀ. ಬೇಕಾದರೆ ತಿರುಗಿಸುವುದೇ 80 ದಿನ, ಹೊಸ ಮೂಳೆ ಗಟ್ಟಿಯಾಗಿ ಚೌಕಟ್ಟು ಬಿಚ್ಚುವ ಹೊತ್ತಿಗೆ ಸುಮಾರು ಎಂಟು ತಿಂಗಳು. ಕಂಬಿ ತೂರಿದ ಜಾಗದಲ್ಲಿ ಕೀವು, ಕೀಲು ಬಿಗಿಯುವುದು, ಬಿಚ್ಚಿದ ಮೇಲೆ ಮುರಿಯುವುದು, ಇವೆಲ್ಲಾ ಅಪರೂಪ ಅಲ್ಲ. ಅದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ, ತೊಡೆ, ಮೊಣಕಾಲ ಕೆಳಗೆ, ಆಮೇಲೆ ತೋಳು.

ನನ್ನ ಅಭಿಪ್ರಾಯ ಕೇಳಿದರೆ, ಇದನ್ನು ಚಿಕ್ಕ ಮಗುವಿಗೆ ಅಪ್ಪ ಅಮ್ಮ ತೀರ್ಮಾನ ಮಾಡಬಾರದು. ಮಗುವೇ ಬೇಕು ಅನ್ನುವ ವಯಸ್ಸಿಗೆ ಬರಲಿ. ತೋಳು ಉದ್ದ ಮಾಡಿಸಿಕೊಳ್ಳುವುದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ, ಯಾಕೆಂದರೆ ಬೆನ್ನ ಹಿಂದೆ ಕೈ ಎಟುಕುವುದು ದಿನಾ ಬೇಕಾಗುವ ವಿಷಯ.

ಆಟ ಆಡಬಹುದಾ?

ಆಡಲಿ. ಈಜು, ಸೈಕಲ್ ತುಂಬಾ ಒಳ್ಳೆಯದು, ತೂಕವೂ ಹಿಡಿತದಲ್ಲಿರುತ್ತದೆ. ಕತ್ತಿಗೆ ಪೆಟ್ಟು ಬೀಳುವುದು ಮಾತ್ರ ಬೇಡ. ಲಾಗ ಹಾಕುವುದು, ಶೀರ್ಷಾಸನ, ಟ್ರ್ಯಾಂಪೊಲಿನ್, ನೀರಿಗೆ ತಲೆಮುಂದಾಗಿ ಧುಮುಕುವುದು, ಕಬಡ್ಡಿಯಲ್ಲಿ ಮೇಲೆ ಬೀಳುವುದು. ಶಾಲೆಯ ಯೋಗ ಮೇಷ್ಟ್ರಿಗೆ ಬರೆದು ಕೊಡಿ. ಬೆಂಗಳೂರಿನ ಕೆ.ವೈ. ವೆಂಕಟೇಶ್ ಅವರಿಗೂ ಇದೇ ಸ್ಥಿತಿ. 2005ರ ವಿಶ್ವ ಕುಬ್ಜರ ಕ್ರೀಡಾಕೂಟದಲ್ಲಿ 6 ಪದಕ ಗೆದ್ದರು, 2021ರಲ್ಲಿ ಪದ್ಮಶ್ರೀ ಬಂತು. ಮಗಳು ಅವರ ಫೋಟೋ ಕತ್ತರಿಸಿ ಅಂಟಿಸಿಕೊಂಡಿದ್ದಾಳೆ.

ದೊಡ್ಡವರಾದ ಮೇಲೆ ಏನು ತೊಂದರೆ?

ಆ ಕಿರಿದಾದ ಬೆನ್ನಿನ ಕೊಳವೆ. ಸ್ವಲ್ಪ ದೂರ ನಡೆದರೆ ಕಾಲು ಜೋಮು ಹಿಡಿಯುತ್ತದೆ, ಭಾರ ಆಗುತ್ತದೆ, ಕುಕ್ಕರುಗಾಲಲ್ಲಿ ಕೂತರೆ ಅಥವಾ ಮುಂದಕ್ಕೆ ಬಗ್ಗಿದರೆ ಸರಿಹೋಗುತ್ತದೆ. ಇದು ಸುಸ್ತಲ್ಲ. ನಡೆಯುವ ದೂರ ಕಡಿಮೆ ಆಗುತ್ತಾ ಬಂದರೆ ತೋರಿಸಿ. ಮೂತ್ರದ ಹಿಡಿತ ತಪ್ಪಿದರೆ ಅವತ್ತೇ ಹೋಗಿ. ಹೆಂಗಸರಿಗೆ ಸೊಂಟದ ಮೂಳೆ ಕಿರಿದಾದ್ದರಿಂದ ಹೆರಿಗೆ ಸಿಸೇರಿಯನ್ನೇ ಆಗಬೇಕು, ಅರಿವಳಿಕೆ ಕೊಡುವವರಿಗೆ ಮೊದಲೇ ಹೇಳಿರಬೇಕು.

ಅಂಗವಿಕಲರ ಪ್ರಮಾಣಪತ್ರ ಸಿಗುತ್ತಾ?

ಸಿಗುತ್ತದೆ. 2016ರ ಕಾಯ್ದೆಯಲ್ಲಿ ಕುಬ್ಜತೆ ಸೇರಿದೆ. ದೊಡ್ಡವರಾದ ಮೇಲಿನ ಎತ್ತರ 147 ಸೆಂ.ಮೀ. ಅಥವಾ ಕಡಿಮೆ, ಅಂದರೆ 4 ಅಡಿ 10 ಇಂಚು ಅಂತ ಅದರಲ್ಲಿ ಬರೆದಿದೆ.

ಶಾಲೆಯಲ್ಲಿ, ಮನೆಯಲ್ಲಿ ಏನು ಬದಲಾಯಿಸಬೇಕು?

ಮೊದಲು ಪಾದದ ಕೆಳಗೆ ಒಂದು ಹಲಗೆ. ಬೆಂಚಿನಲ್ಲಿ ಕೂತಾಗ ಕಾಲು ಗಾಳಿಯಲ್ಲಿ ನೇತಾಡಿದರೆ ಬೆನ್ನು ಬಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ. ಬೆಂಚು ಆಳವಾಗಿದ್ದರೆ ಬೆನ್ನಿಗೆ ಗಟ್ಟಿ ದಿಂಬು. ಮೇಜು ಬದಲಾಯಿಸಬೇಕಾಗಿಲ್ಲ, ಮುಂಡ ಮಾಮೂಲಿ ಅಳತೆಯದೇ ಅಲ್ವಾ, ಕೂತ ಮೇಲೆ ಮೇಜು ಸರಿಹೋಗುತ್ತದೆ.

ಆಮೇಲೆ ಶೌಚಾಲಯ. ಇದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಮಕ್ಕಳಿಗೆ ಅತಿ ಹೆಚ್ಚು ಸಂಕಟ ಆಗುವುದು ಇಲ್ಲೇ. ತೋಳು ಗಿಡ್ಡ, ಮೊಣಕೈ ಪೂರ್ತಿ ನೆಟ್ಟಗಾಗುವುದಿಲ್ಲ, ಹಿಂದಕ್ಕೆ ಕೈ ಎಟುಕುವುದಿಲ್ಲ. ನಮ್ಮ ಮಗಳು ಶಾಲೆಯಲ್ಲಿ ಹೋಗಬೇಕಾಗುತ್ತದೆ ಅಂತ ನೀರೇ ಕುಡಿಯುತ್ತಿರಲಿಲ್ಲ, ನಮಗೆ ಗೊತ್ತಾಗಲು ಎರಡು ತಿಂಗಳು ಬೇಕಾಯಿತು. ಕಮೋಡ್ ಮುಂದೆ ಹತ್ತಲು ಅಗಲವಾದ ಮೆಟ್ಟಿಲು, ಕೈಗೆ ಸಿಗುವ ಎತ್ತರದಲ್ಲಿ ನೀರಿನ ಜೆಟ್, ಅದರ ಪೈಪು ಉದ್ದ ಇರಲಿ. ಬಾಗಿಲ ಚಿಲಕ ಕೆಳಗೆ ಹಾಕಿಸಿ. ಒಂದು ಶನಿವಾರ ಪ್ಲಂಬರ್ ಮತ್ತು ಬಡಗಿ ಬಂದು ಇಷ್ಟನ್ನೂ ಮುಗಿಸಿದರು. ಸೋಮವಾರ ಅವಳು ನೀರಿನ ಬಾಟಲಿ ಖಾಲಿ ಮಾಡಿಕೊಂಡು ಮನೆಗೆ ಬಂದಳು.